2.4 ಗ್ರಾಂ ಆಕ್ಸಿಜನ್ ಎಲ್ಲಿಂದ ಬಂತು?

ಮೊನ್ನೆ ಅಕ್ಕನ ಮಗಳು ಕೆಮಿಸ್ಟ್ರಿ ವರ್ಕ್‌ಶೀಟ್ ಹಿಡ್ಕೊಂಡು ಬಂದ್ಲು. "ಮಾಮ, 4.8 ಗ್ರಾಂ ಮೆಗ್ನೀಷಿಯಂ ಪೂರ್ತಿ ಉರಿಯೋಕೆ ಎಷ್ಟು ಆಕ್ಸಿಜನ್ ಅಣು ಬೇಕು?"

2Mg + O₂ → 2MgO

ಸಮೀಕರಣದಲ್ಲಿ 2ಕ್ಕೆ 1 ಇದೆಯಲ್ಲ, ಅದಕ್ಕೆ ಆಕ್ಸಿಜನ್ 2.4 ಗ್ರಾಂ ಅಂತ ಬರೆದಿದ್ದಳು. ನಿಜ ಹೇಳ್ಬೇಕಂದ್ರೆ ನಾನೂ ಒಂದು ಕ್ಷಣ ತಲೆಯಾಡಿಸಿದೆ. ಆಮೇಲೆ ಕೇಳಿದೆ, "ಹಾಗಾದ್ರೆ 2ಕ್ಕೆ 2 ಅಂತ MgO ಎಷ್ಟು ಬರುತ್ತೆ?"

"4.8 ಗ್ರಾಂ."

ಒಳಗೆ ಹೋದದ್ದು 7.2, ಹೊರಗೆ ಬಂದದ್ದು 4.8. ಉಳಿದದ್ದು ಎಲ್ಲಿ ಹೋಯ್ತು? ತಪ್ಪು ಅಲ್ಲೇ ಸಿಕ್ಕಿತು. ಸಮೀಕರಣದ ಅಂಕಿಗಳು ಎಣಿಕೆಯವು, ತೂಕದವಲ್ಲ. ಮೊದಲು ಗ್ರಾಂ ಬಿಟ್ಟು ಮೋಲ್‌ಗೆ ಬರಬೇಕು.

ಒಂದು ಮೋಲ್ ಮೆಗ್ನೀಷಿಯಂ ಸುಮಾರು 24 ಗ್ರಾಂ. 4.8 ಅನ್ನು 24ರಿಂದ ಭಾಗಿಸಿದರೆ 0.2 ಮೋಲ್. 2ಕ್ಕೆ 1 ಹಾಕೋದು ಈಗ: ಆಕ್ಸಿಜನ್ 0.1 ಮೋಲ್. ಒಂದು ಮೋಲ್ ಅಂದ್ರೆ 6.022 × 10²³, ಹಾಗಾಗಿ 6.022 × 10²² ಅಣುಗಳು. ಪರಮಾಣು ಎಷ್ಟು ಅಂತ ಕೇಳಿದ್ರೆ ಇದರ ಎರಡರಷ್ಟು. ಪ್ರಶ್ನೆ ಸರಿಯಾಗಿ ಓದದೆ ಮಾರ್ಕ್ಸ್ ಕಳ್ಕೊಳ್ಳೋದು ಇಲ್ಲೇ.

ತಾಳೆ ನೋಡೋಣ ಅಂದೆ. 0.1 ಮೋಲ್ ಆಕ್ಸಿಜನ್ 3.2 ಗ್ರಾಂ. 0.2 ಮೋಲ್ MgO 8 ಗ್ರಾಂ. "4.8ಕ್ಕೆ 3.2 ಕೂಡಿಸು?"

"ಎಂಟು!" ಅಂದವಳೇ 2.4ರ ಮೇಲೆ ಗೀಟು ಎಳೆದಳು.