ಚಂಡಮಾರುತ ‘ಬರೋದು’ ಯಾವಾಗ? ಬುಲೆಟಿನ್‌ನಲ್ಲಿ ನಿಮ್ಮೂರಿನ ಸಾಲು ಹುಡುಕಿ

ಚಂಡಮಾರುತ ಎದ್ದಾಗಲೆಲ್ಲ ಕೇಳುಗರು ಮೊದಲು ಕೇಳೋದು ಒಂದೇ ಪ್ರಶ್ನೆ: ‘ನಮ್ಮೂರಿಗೆ ಯಾವಾಗ ಬರುತ್ತೆ?’ ಹವಾಮಾನ ಇಲಾಖೆಯ ಬುಲೆಟಿನ್‌ನಲ್ಲಿ ಉತ್ತರ ಇರುತ್ತೆ. ಆದರೆ ಸುದ್ದಿಯ ತಲೆಬರಹದಲ್ಲಿ ಕಾಣೋ ದಿನಾಂಕ ಎಷ್ಟೋ ಸಲ ಆ ಉತ್ತರ ಆಗಿರೋದಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನೇ ಇಟ್ಟುಕೊಂಡು ಇದನ್ನ ಇವತ್ತು ನೋಡೋಣ.

ಮೇ 15ರಂದು ತೌಕ್ತೆ ಲಕ್ಷದ್ವೀಪದ ಹತ್ತಿರ, ಅರಬ್ಬಿ ಸಮುದ್ರದಲ್ಲಿತ್ತು. ಅದು ಉತ್ತರದ ಕಡೆ ಸಾಗಿ, ಮೇ 18ರ ಹೊತ್ತಿಗೆ ಗುಜರಾತ್ ಕರಾವಳಿಯನ್ನು ದಾಟುತ್ತೆ ಅನ್ನೋದು ಮುನ್ಸೂಚನೆ. ತಲೆಬರಹ ಆಗಿದ್ದು ಇದೇ. ಉಡುಪಿಯಲ್ಲೋ ಕಾರವಾರದಲ್ಲೋ ಇದನ್ನು ಓದಿದವರಿಗೆ ಏನನ್ನಿಸುತ್ತೆ? ಇನ್ನೂ ಮೂರು ದಿನ ಇದೆ, ಅದೂ ಗುಜರಾತಿಗೆ, ನಮಗೇನು ಅಂತ. ಆದರೆ ನಮ್ಮ ಕರಾವಳಿಯಲ್ಲಿ ಮಳೆ, ಗಾಳಿ, ಕಡಲಬ್ಬರ ಜೋರಾಗಿದ್ದು ಅದೇ 15 ಮತ್ತು 16ರಂದು.

ಯಾಕೆ ಹೀಗೆ? ಭೂಸ್ಪರ್ಶ ಅಂದ್ರೆ ಚಂಡಮಾರುತದ ಕೇಂದ್ರ ಸಮುದ್ರದಿಂದ ನೆಲಕ್ಕೆ ದಾಟೋ ಹೊತ್ತು, ಅಷ್ಟೇ. ಅದರ ಸುತ್ತಲಿನ ಮೋಡದ ರಾಶಿ ನೂರಾರು ಕಿಲೋಮೀಟರ್ ಹರಡಿರುತ್ತೆ. ತೌಕ್ತೆ ನಮ್ಮ ದಡಕ್ಕೆ ಸಮಾನಾಂತರವಾಗಿ ಹೋಯ್ತು, ಕೇಂದ್ರ ಇಲ್ಲಿ ನೆಲ ಮುಟ್ಟಲೇ ಇಲ್ಲ. ಹಾಗಾಗಿ ನಮ್ಮ ಪಾಲಿಗೆ ‘ಭೂಸ್ಪರ್ಶದ ಸಮಯ’ ಅನ್ನೋದೇ ಇರಲಿಲ್ಲ. ಆದರೆ ಅಪಾಯ ಇತ್ತು.

ಅದಕ್ಕೇ ಬುಲೆಟಿನ್ ಕೈಗೆ ಬಂದಾಗ ನಾನು ಮೊದಲ ಪ್ಯಾರಾದಲ್ಲೇ ನಿಲ್ಲೋದಿಲ್ಲ. ಅಲ್ಲಿರೋದು ಕೇಂದ್ರ ಈಗ ಎಲ್ಲಿದೆ, ಎತ್ತ ಹೋಗ್ತಿದೆ ಅನ್ನೋ ವಿವರ. ಕೆಳಗೆ ಮಳೆ, ಗಾಳಿ, ಸಮುದ್ರದ ಸ್ಥಿತಿ, ಮೀನುಗಾರರಿಗೆ ಎಚ್ಚರಿಕೆ ಅಂತ ಬೇರೆ ಬೇರೆ ಭಾಗ ಇರುತ್ತೆ. ಪ್ರತಿಯೊಂದರಲ್ಲೂ ಪ್ರದೇಶದ ಹೆಸರು, ಅದರ ಪಕ್ಕ ದಿನಾಂಕ. ‘ಕರಾವಳಿ ಕರ್ನಾಟಕ’ ಅನ್ನೋ ಸಾಲಿನ ಪಕ್ಕ ಇರೋ ದಿನಾಂಕವೇ ನಮಗೆ ಅದು ‘ಬರೋ’ ದಿನ.

ಮಳೆಯ ಪದಗಳಿಗೂ ಅಳತೆ ಇದೆ. ‘ಭಾರಿ’ ಅಂದ್ರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ ಮೇಲೆ. ‘ಅತಿ ಭಾರಿ’ ಅಂದ್ರೆ 115.6ರಿಂದ ಮೇಲೆ. 204.4 ದಾಟಿದರೆ ‘ಅತ್ಯಂತ ಭಾರಿ’. ಸುದ್ದಿ ಬರೆಯುವಾಗ ಈ ಮೂರನ್ನೂ ‘ಭಾರಿ ಮಳೆ’ ಅಂತ ಒಂದೇ ಮಾಡಿಬಿಟ್ಟರೆ ತಗ್ಗು ಪ್ರದೇಶದಲ್ಲಿರೋರಿಗೆ ಬೇಕಾದ ಮಾಹಿತಿಯೇ ಕಳೆದುಹೋಗುತ್ತೆ.

ಇನ್ನೊಂದು ವಿಷಯ, ಬುಲೆಟಿನ್ ಹೊರಟ ಸಮಯ. ತೌಕ್ತೆ 18ರ ಮಧ್ಯಾಹ್ನ ಅಥವಾ ಸಂಜೆ ಗುಜರಾತ್ ದಾಟುತ್ತೆ ಅಂತ ಮೊದಲು ಅಂದಾಜಿತ್ತು. ಮರುದಿನದ ಹೊತ್ತಿಗೆ ಅದು 18ರ ನಸುಕಿಗೆ ಬಂತು. ಕೊನೆಗೆ ದಾಟಿದ್ದು 17ರ ರಾತ್ರಿ 8ರಿಂದ 11 ಗಂಟೆ ನಡುವೆ, ದೀವ್ ಮತ್ತು ಊನಾ ಹತ್ತಿರ. ಗಾಳಿಯ ವೇಗ ಗಂಟೆಗೆ 160ರಿಂದ 170 ಕಿಲೋಮೀಟರ್ ಇತ್ತು. ಎರಡು ದಿನ ಹಳೆಯ ಬುಲೆಟಿನ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡ್ತಿದ್ದರೆ, ಅದನ್ನು ನಂಬಿದವರಿಗೆ ಹತ್ತಿರತ್ತಿರ ಒಂದು ದಿನವೇ ಕಮ್ಮಿ ಸಿಗುತ್ತೆ. ಚಂಡಮಾರುತ ಇರುವಾಗ ಸಾಮಾನ್ಯವಾಗಿ ಮೂರು ಗಂಟೆಗೊಮ್ಮೆ ಹೊಸ ಬುಲೆಟಿನ್ ಬರುತ್ತೆ, ಯಾವಾಗಲೂ ಕೊನೆಯದನ್ನೇ ನೋಡಿ.

ಈಗ, ಮೇ 15ರ ಬುಲೆಟಿನನ್ನು ಉಡುಪಿಯ ಕೇಳುಗರಿಗೆ ಹೇಳಬೇಕಾದರೆ ನಾನು ಹೀಗೆ ಹೇಳ್ತೇನೆ:

‘ಏನಾಗಬಹುದು: ಕೆಲವೆಡೆ ಭಾರಿಯಿಂದ ಅತಿ ಭಾರಿ ಮಳೆ, ಜೋರು ಗಾಳಿ, ಪ್ರಕ್ಷುಬ್ಧ ಸಮುದ್ರ. ಯಾವಾಗ: ಇವತ್ತೇ ಹೆಚ್ಚು, ನಾಳೆಯೂ ಮುಂದುವರಿಯುತ್ತೆ. ಚಂಡಮಾರುತ ದಾಟೋದು ಗುಜರಾತಿನಲ್ಲಿ, ಆದರೆ ಅದಕ್ಕೂ ಮೊದಲೇ ನಮ್ಮ ದಡದ ಪಕ್ಕದಲ್ಲಿ ಹಾದುಹೋಗುತ್ತೆ. ಅಧಿಕಾರಿಗಳ ಸಲಹೆ: ಮೀನುಗಾರರು ಕಡಲಿಗಿಳಿಯಬಾರದು, ಹೋದವರು ದಡಕ್ಕೆ ಮರಳಬೇಕು.’

ಕೊನೆಯ ಸಾಲು ಮೀನುಗಾರರಿಗೆ ಮಾತ್ರ ಅಂದುಕೊಳ್ಳಬೇಡಿ. ಅದೇ ದಿನಗಳಲ್ಲಿ ಮುಲ್ಕಿ ಹತ್ತಿರದ ಕಡಲಿನಲ್ಲಿ ‘ಕೋರಮಂಡಲ್ ಸಪೋರ್ಟರ್ 9’ ಅನ್ನೋ ಹಡಗು ಬಂಡೆಗಳ ನಡುವೆ ಸಿಕ್ಕಿಬಿತ್ತು. ಅದರಲ್ಲಿದ್ದ ಒಂಬತ್ತು ಜನರನ್ನ ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆ ಸೇರಿ ಹೊರತಂದಿದ್ದು ಮೇ 17ಕ್ಕೆ. ಚಂಡಮಾರುತ ಗುಜರಾತನ್ನು ಇನ್ನೂ ಮುಟ್ಟಿರಲಿಲ್ಲ.

ಒಂದು ಕೊನೆಯ ಮಾತು. ಹವಾಮಾನ ಇಲಾಖೆ ಕೊಡೋದು ಎಚ್ಚರಿಕೆ ಮತ್ತು ಸಲಹೆ. ಜನರನ್ನು ಮನೆಯಿಂದ ಸ್ಥಳಾಂತರಿಸೋದು, ಶಾಲೆಗೆ ರಜೆ, ಬೀಚ್ ಬಂದ್, ಇವೆಲ್ಲ ಜಿಲ್ಲಾಡಳಿತದ ತೀರ್ಮಾನ. ನಿಮ್ಮ ಓಣಿಯ ವಿಷಯ ತಿಳಿಯೋಕೆ ಜಿಲ್ಲಾ ಕಂಟ್ರೋಲ್ ರೂಮಿಗೆ, ಅಂದ್ರೆ 1077ಕ್ಕೆ, ಫೋನ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.