ದೂರದ ನ್ಯಾಯಾಲಯ, ಹತ್ತಿರದ ಸರ್ಕಾರ: ‘ವಿವೇಚನೆಯ ಅವಕಾಶ’ ಎಂಬ ತತ್ವ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಲೈಲಾ ಶಾಹಿನ್ ಎಂಬ ವಿದ್ಯಾರ್ಥಿನಿಯ ಮೊಕದ್ದಮೆಯಿಂದಲೇ ವಿಷಯಕ್ಕೆ ಬರುತ್ತೇನೆ. ಆಕೆ ಟರ್ಕಿಯ ಬುರ್ಸಾದಲ್ಲಿ ನಾಲ್ಕು ವರ್ಷ ವೈದ್ಯಕೀಯ ಓದಿ, 1997ರಲ್ಲಿ ಐದನೇ ವರ್ಷಕ್ಕೆ ಇಸ್ತಾಂಬುಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಬುರ್ಸಾದಲ್ಲಿ ಅಷ್ಟೂ ವರ್ಷ ತಲೆವಸ್ತ್ರ ಧರಿಸಿಯೇ ಓದಿದ್ದರು. 1998ರ ಫೆಬ್ರವರಿ 23ರಂದು ಇಸ್ತಾಂಬುಲ್ ವಿಶ್ವವಿದ್ಯಾಲಯವು ಒಂದು ಸುತ್ತೋಲೆ ಹೊರಡಿಸಿತು: ತಲೆವಸ್ತ್ರ ಧರಿಸಿದ ವಿದ್ಯಾರ್ಥಿನಿಯರನ್ನೂ ಗಡ್ಡ ಬಿಟ್ಟ ವಿದ್ಯಾರ್ಥಿಗಳನ್ನೂ ತರಗತಿಗೆ ಸೇರಿಸಬಾರದು. ಮಾರ್ಚ್ ತಿಂಗಳಲ್ಲಿ ಲಿಖಿತ ಪರೀಕ್ಷೆಗೆ ಹೋದಾಗ ಮೇಲ್ವಿಚಾರಕರು ಆಕೆಯನ್ನು ಒಳಗೆ ಬಿಡಲಿಲ್ಲ. ಕೊನೆಗೆ 1999ರಲ್ಲಿ ಆಕೆ ದೇಶ ಬಿಟ್ಟು ವಿಯೆನ್ನಾದಲ್ಲಿ ವ್ಯಾಸಂಗ ಮುಂದುವರಿಸಬೇಕಾಯಿತು.

ಆಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆ ಹೋದರು. 2005ರ ನವೆಂಬರ್ 10ರಂದು ಹದಿನೇಳು ನ್ಯಾಯಾಧೀಶರ ಮಹಾಪೀಠ ತೀರ್ಪು ನೀಡಿತು. ಹದಿನಾರು ಮಂದಿ ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆಯಾಗಿಲ್ಲ ಎಂದರು. ಬೆಲ್ಜಿಯಂನ ನ್ಯಾಯಾಧೀಶೆ ಫ್ರಾಂಸ್ವಾಸ್ ಟುಲ್ಕೆನ್ಸ್ ಒಬ್ಬರೇ ಭಿನ್ನ ತೀರ್ಪು ಬರೆದರು. ಸುತ್ತೋಲೆಯಿಂದ ಆಕೆಯ ಹಕ್ಕಿಗೆ ಅಡ್ಡಿಯಾಗಿದೆ ಎಂದು ಇಟ್ಟುಕೊಂಡೇ ಬಹುಮತದವರು ಮುಂದುವರಿದರು. ಆದರೆ ಆ ಅಡ್ಡಿ ಅಗತ್ಯವೇ ಎಂಬುದನ್ನು ತೀರ್ಮಾನಿಸುವಲ್ಲಿ ಟರ್ಕಿಗೆ ಹೆಚ್ಚಿನ ಅವಕಾಶವಿದೆ ಎಂದರು. ಈ ಅವಕಾಶಕ್ಕೇ ‘ಮಾರ್ಜಿನ್ ಆಫ್ ಅಪ್ರೀಸಿಯೇಷನ್’ ಎಂಬ ಹೆಸರು. ಕನ್ನಡದಲ್ಲಿ ‘ವಿವೇಚನೆಯ ಅವಕಾಶ’ ಎನ್ನಬಹುದು.

ಈ ತತ್ವ ಎಲ್ಲಿಂದ ಬಂತು? ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ಇಂದು 46 ದೇಶಗಳು ಸೇರಿವೆ. ಅವುಗಳ ಇತಿಹಾಸ, ಧರ್ಮ, ಕಾನೂನು ಬೇರೆ ಬೇರೆ. 1976ರ ಹ್ಯಾಂಡಿಸೈಡ್ ಮೊಕದ್ದಮೆಯಲ್ಲಿ ಈ ತತ್ವಕ್ಕೆ ಸ್ಪಷ್ಟ ರೂಪ ಬಂತು. ಶಾಲಾ ಮಕ್ಕಳಿಗಾಗಿ ಬರೆದ ಒಂದು ಡ್ಯಾನಿಷ್ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಅಶ್ಲೀಲವೆಂದು ಬ್ರಿಟನ್ ಮುಟ್ಟುಗೋಲು ಹಾಕಿಕೊಂಡಿತ್ತು. ನೈತಿಕತೆಯ ಬಗ್ಗೆ ಯುರೋಪಿಗೆಲ್ಲ ಒಂದೇ ಕಲ್ಪನೆಯಿಲ್ಲ, ತಮ್ಮ ಸಮಾಜದ ನಾಡಿಮಿಡಿತ ಅಲ್ಲಿನ ಅಧಿಕಾರಿಗಳಿಗೆ ದೂರದ ನ್ಯಾಯಾಧೀಶರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದು ನ್ಯಾಯಾಲಯ ಹೇಳಿತು. ಜೊತೆಗೆ, ಈ ಅವಕಾಶಕ್ಕೆ ಮಿತಿಯಿದೆ, ಕೊನೆಯ ಮಾತು ತನ್ನದೇ ಎಂದೂ ಸೇರಿಸಿತು.

ಕ್ರಿಕೆಟ್ ನೋಡುವ ಮಿತ್ರರಿಗೆ ಇದನ್ನು ‘ಅಂಪೈರ್ಸ್ ಕಾಲ್’ ಎಂದರೆ ಬೇಗ ತಿಳಿಯುತ್ತದೆ. ಚೆಂಡು ವಿಕೆಟ್ಟಿನ ಅಂಚಿಗೆ ಮಾತ್ರ ತಗಲುವಂತಿದ್ದರೆ ಮೈದಾನದ ಅಂಪೈರ್ ಕೊಟ್ಟ ತೀರ್ಪನ್ನೇ ಉಳಿಸುತ್ತಾರೆ. ಇದರಲ್ಲಿ ನ್ಯಾಯವಿದೆ. ಚುನಾಯಿತ ಸರ್ಕಾರಗಳ ಪ್ರತಿಯೊಂದು ನಿರ್ಧಾರವನ್ನೂ ಹೊರಗಿನ ನ್ಯಾಯಾಲಯ ತಿದ್ದತೊಡಗಿದರೆ ದೇಶಗಳು ಒಡಂಬಡಿಕೆಯನ್ನೇ ಬಿಟ್ಟುಹೋದಾವು. ಹೀಗಾಗಿ ಈ ತತ್ವವನ್ನು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ. 2021ರ ಆಗಸ್ಟ್ 1ರಂದು ಜಾರಿಗೆ ಬಂದ ಹದಿನೈದನೇ ಪ್ರೋಟೋಕಾಲ್ ಇದನ್ನು ಒಡಂಬಡಿಕೆಯ ಪೀಠಿಕೆಯಲ್ಲೇ ಸೇರಿಸಿದೆ.

ಹಾಗಾದರೆ ಆಕ್ಷೇಪಗಳೇನು? ಮೂರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಸಾಕ್ಷ್ಯದ ಪ್ರಶ್ನೆ. ತಲೆವಸ್ತ್ರ ಧರಿಸದವರ ಮೇಲೆ ಒತ್ತಡ ಬೀಳುತ್ತದೆ, ಜಾತ್ಯತೀತತೆಗೆ ಧಕ್ಕೆಯಾಗುತ್ತದೆ ಎಂಬುದು ಟರ್ಕಿಯ ವಾದ. ಜಾತ್ಯತೀತತೆ, ಸಮಾನತೆ ಎರಡೂ ಮುಖ್ಯ ಮೌಲ್ಯಗಳೆಂದು ಟುಲ್ಕೆನ್ಸ್ ಒಪ್ಪಿದರು. ಆದರೆ ಹಕ್ಕನ್ನು ಕಸಿಯಬೇಕಾದರೆ ಭಯವಷ್ಟೇ ಸಾಲದು, ಖಚಿತ ಸಂಗತಿಗಳು ಬೇಕು ಎಂದರು. ಲೈಲಾ ಶಾಹಿನ್ ಯಾರ ಮೇಲಾದರೂ ಒತ್ತಡ ಹೇರಿದ್ದರೆಂದಾಗಲಿ, ಪಾಠಕ್ಕೆ ಅಡ್ಡಿ ಮಾಡಿದ್ದರೆಂದಾಗಲಿ ಕಡತದಲ್ಲಿ ಎಲ್ಲೂ ಇರಲಿಲ್ಲ. ಅವಕಾಶ ದೊಡ್ಡದಾದಷ್ಟೂ ಸರ್ಕಾರ ತೋರಿಸಬೇಕಾದ ಸಾಕ್ಷ್ಯ ಚಿಕ್ಕದಾಗುತ್ತದೆ. ವಿಮರ್ಶಕರ ಮೊದಲ ದೂರು ಇದೇ.

ಎರಡನೆಯದು ಲೆಕ್ಕದ ಪ್ರಶ್ನೆ. ಯುರೋಪಿನ ದೇಶಗಳಲ್ಲಿ ಒಮ್ಮತವಿದ್ದರೆ ಅವಕಾಶ ಕಿರಿದು, ಒಮ್ಮತವಿಲ್ಲದಿದ್ದರೆ ವಿಶಾಲ ಎಂಬುದು ನ್ಯಾಯಾಲಯದ ರೂಢಿ. ಆದರೆ ಈ ಒಮ್ಮತವನ್ನು ಎಣಿಸುವುದು ಹೇಗೆ? ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿದ ಫ್ರಾನ್ಸಿನ 2010ರ ಕಾಯಿದೆಯನ್ನು ಎಸ್.ಎ.ಎಸ್. ಮೊಕದ್ದಮೆಯಲ್ಲಿ ಪ್ರಶ್ನಿಸಲಾಯಿತು. 2014ರ ಜುಲೈ 1ರ ತೀರ್ಪಿನಲ್ಲಿ ಮಹಾಪೀಠವು ಸುರಕ್ಷತೆಯ ಕಾರಣವನ್ನು ಈ ಸಂಪೂರ್ಣ ನಿಷೇಧಕ್ಕೆ ಸಾಲದೆಂದಿತು. ಸ್ತ್ರೀ ಸಮಾನತೆಯ ಕಾರಣವನ್ನೂ ಒಪ್ಪಲಿಲ್ಲ. ಉಳಿದದ್ದು ‘ಒಟ್ಟಿಗೆ ಬಾಳುವುದು’ ಎಂಬ ಕಾರಣ. ಒಡಂಬಡಿಕೆಯಲ್ಲಿ ಈ ಮಾತು ಎಲ್ಲೂ ಇಲ್ಲ. ಆದರೂ ವಿಶಾಲ ಅವಕಾಶದ ಹೆಸರಿನಲ್ಲಿ 15–2 ಬಹುಮತದಿಂದ ಕಾಯಿದೆ ಉಳಿಯಿತು. ಆಗ ಒಡಂಬಡಿಕೆಯಲ್ಲಿದ್ದ 47 ದೇಶಗಳ ಪೈಕಿ 45ರಲ್ಲಿ ಅಂಥ ನಿಷೇಧ ಅಗತ್ಯವೆಂದು ಕಂಡಿರಲಿಲ್ಲ, ಇದು ಒಮ್ಮತವಲ್ಲದೆ ಮತ್ತೇನು ಎಂದು ಭಿನ್ನಮತದ ಇಬ್ಬರು ನ್ಯಾಯಾಧೀಶೆಯರು ಕೇಳಿದರು.

ಮೂರನೆಯದು ಎಲ್ಲಕ್ಕಿಂತ ಆಳವಾದದ್ದು. ಇಸ್ರೇಲಿನ ಕಾನೂನು ವಿದ್ವಾಂಸ ಎಯಾಲ್ ಬೆನ್ವೆನಿಸ್ಟಿ 1999ರಲ್ಲಿ ಇದನ್ನು ಮುಂದಿಟ್ಟರು. ಸಮಾಜದ ಎಲ್ಲರನ್ನೂ ಒಂದೇ ರೀತಿ ತಟ್ಟುವ ಕಾನೂನಾದರೆ ಅದನ್ನು ಸಂಸತ್ತಿಗೆ ಬಿಡಬಹುದು. ಮಾಡಿದ ತಪ್ಪಿನ ಬಿಸಿ ಮಾಡಿದವರಿಗೂ ತಟ್ಟುತ್ತದೆ, ಮುಂದಿನ ಚುನಾವಣೆಯಲ್ಲಿ ತಿದ್ದಿಕೊಳ್ಳುತ್ತಾರೆ. ಆದರೆ ಬಹುಸಂಖ್ಯಾತರು ಮಾಡಿದ ಕಾನೂನಿನ ಭಾರ ಅಲ್ಪಸಂಖ್ಯಾತರ ಮೇಲೆ ಮಾತ್ರ ಬೀಳುವಾಗ ಅಂಥ ತಿದ್ದುಪಡಿ ತಾನಾಗಿ ಬರುವುದಿಲ್ಲ. ಅಂಥವರಿಗೆ ನ್ಯಾಯಾಲಯವೇ ಕೊನೆಯ ಬಾಗಿಲು. ಅದೂ ‘ನಿಮ್ಮ ಸರ್ಕಾರಕ್ಕೇ ಚೆನ್ನಾಗಿ ಗೊತ್ತು’ ಎಂದರೆ ಅವರು ಎಲ್ಲಿಗೆ ಹೋಗಬೇಕು? ನಮ್ಮ ಅಂಪೈರ್ ಹೋಲಿಕೆ ಇಲ್ಲಿ ಮುರಿದುಬೀಳುತ್ತದೆ. ಇಲ್ಲಿ ಅಂಪೈರ್ ಕೂಡ ಆಡುತ್ತಿರುವ ಒಂದು ತಂಡದವನೇ.

ಬೇರೆ ದಾರಿಯೂ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ವಾಕ್ ಸ್ವಾತಂತ್ರ್ಯದ ಕುರಿತ 2011ರ ತನ್ನ ವ್ಯಾಖ್ಯಾನದಲ್ಲಿ ‘ವಿವೇಚನೆಯ ಅವಕಾಶ’ವನ್ನು ಆಧರಿಸಿ ನಿರ್ಬಂಧಗಳನ್ನು ಅಳೆಯುವುದಿಲ್ಲ ಎಂದಿದೆ. ಅದೇ ಸಮಿತಿ 2018ರಲ್ಲಿ ಫ್ರಾನ್ಸಿನ ಅದೇ ಮುಖಪರದೆ ಕಾಯಿದೆಯನ್ನು ಪರಿಶೀಲಿಸಿ, ಇಬ್ಬರು ಮಹಿಳೆಯರ ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ ಎಂದಿತು. ಕಾಯಿದೆ ಒಂದೇ, ಉತ್ತರ ಎರಡು. ಆದರೆ ಒಂದು ಮಿತಿಯನ್ನೂ ಹೇಳಬೇಕು. ಸ್ಟ್ರಾಸ್‌ಬರ್ಗ್ ತೀರ್ಪಿಗೆ ದೇಶಗಳು ಕಾನೂನುಬದ್ಧವಾಗಿ ತಲೆಬಾಗಬೇಕು. ಸಮಿತಿಯ ಅಭಿಪ್ರಾಯಕ್ಕೆ ಆ ಬಲವಿಲ್ಲ. ಸಮಿತಿಯ ದಿಟ್ಟತನಕ್ಕೂ ನ್ಯಾಯಾಲಯದ ಎಚ್ಚರಿಕೆಗೂ ಇದು ಒಂದು ಕಾರಣವಿರಬಹುದು.

ಭಾರತ ಯುರೋಪಿನ ಒಡಂಬಡಿಕೆಗೆ ಸೇರಿಲ್ಲ, ಆ ತೀರ್ಪುಗಳು ನಮಗೆ ಅನ್ವಯಿಸುವುದಿಲ್ಲ. ಆದರೆ ಪ್ರಶ್ನೆ ಅಪರಿಚಿತವಲ್ಲ. ತರಗತಿಯಲ್ಲಿ ಹಿಜಾಬ್ ಕುರಿತು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೆಣ್ಣುಮಕ್ಕಳ ಶಿಕ್ಷಣವೇ ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ವಿಷಯ ಎಂದು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಬರೆದರು.

ಕಾನೂನು ಓದುತ್ತಿರುವ ಮಕ್ಕಳಿಗೆ ನನ್ನ ಸಲಹೆ ಇಷ್ಟೇ. ಯಾವ ದೇಶದ್ದೇ ಆಗಲಿ, ಇಂಥ ತೀರ್ಪು ಕೈಗೆ ಬಂದಾಗ ಫಲಿತಾಂಶ ನೋಡಿ ಸಂತೋಷ ಅಥವಾ ಸಿಟ್ಟು ಪಡುವ ಮೊದಲು ಮೂರು ಪ್ರಶ್ನೆ ಹಾಕಿ. ಸರ್ಕಾರ ಸಾಕ್ಷ್ಯ ಕೊಟ್ಟಿತೇ, ಇಲ್ಲ ಭಯವನ್ನಷ್ಟೇ ಹೇಳಿತೇ? ಬೇರೆ ಕಡೆಯ ಅನುಭವವನ್ನು ನ್ಯಾಯಾಲಯ ಪ್ರಾಮಾಣಿಕವಾಗಿ ಎಣಿಸಿತೇ? ನಿಯಮ ಮಾಡಿದವರೂ ಅದರ ಭಾರ ಹೊರುವವರೂ ಒಂದೇ ಜನರೇ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಸರ್ಕಾರಕ್ಕೆ ಅವಕಾಶ ಕೊಟ್ಟದ್ದು ವಿವೇಕ. ಸಿಗದಿದ್ದರೆ ನ್ಯಾಯಾಲಯ ತನ್ನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದೆ ಎಂದರ್ಥ.

ಟರ್ಕಿಯ ವಿಶ್ವವಿದ್ಯಾಲಯಗಳಲ್ಲಿ ಆ ನಿಷೇಧ 2010ರ ನಂತರ ಕ್ರಮೇಣ ಸಡಿಲವಾಯಿತು. 2015ರಲ್ಲಿ ಲೈಲಾ ಶಾಹಿನ್ ಆ ದೇಶದ ಸಂಸತ್ತಿಗೆ ಆಯ್ಕೆಯಾದರು. ಬಾಗಿಲು ತೆರೆದದ್ದು ರಾಜಕೀಯ, ನ್ಯಾಯಾಲಯವಲ್ಲ. ಅಲ್ಲಿ ಆಕೆಯ ಕಡೆಯವರ ಸಂಖ್ಯೆ ದೊಡ್ಡದಿತ್ತು. ಸಂಖ್ಯೆ ಚಿಕ್ಕದಾಗಿರುವ ಕಡೆ ಏನು ಗತಿ ಎಂಬ ಪ್ರಶ್ನೆಗೆ ಈ ತತ್ವ ಇನ್ನೂ ಉತ್ತರ ಕೊಡಬೇಕಾಗಿದೆ.