ಬೂಷ್ಟು ಹಿಡಿದ ಆಹಾರ: ಯಾವುದನ್ನು ಉಳಿಸಬಹುದು, ಯಾವುದನ್ನು ಎಸೆಯಬೇಕು?



ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಜಡಿಮಳೆ ಹಿಡಿದಾಗ ಮನೆಯ ಆಹಾರಕ್ಕೆ ಬಹುಬೇಗ ಬೂಷ್ಟು ಬರುತ್ತದೆ. ಕೆಟ್ಟ ಭಾಗವನ್ನು ಕೊಯ್ದು ಉಳಿದುದನ್ನು ತಿನ್ನುವುದು ಸರಿಯೇ ಎಂಬುದನ್ನು ಇಂದು ವಿಚಾರ ಮಾಡೋಣ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಿ. ಸಂತೆಯಿಂದ ತಂದ ಬ್ರೆಡ್ಡಿನ ಒಂದು ಹೋಳಿನ ಮೇಲೆ ಮೂರನೆಯ ದಿನ ನಾಣ್ಯದಷ್ಟು ಹಸಿರು ಮಚ್ಚೆ ಕಾಣುತ್ತದೆ. ಗೃಹಿಣಿಯು ಅಷ್ಟನ್ನು ಚಿವುಟಿ, ಉಳಿದುದನ್ನು ಕಾವಲಿಯ ಮೇಲೆ ಬಿಸಿ ಮಾಡಿ ಮಕ್ಕಳಿಗೆ ಕೊಡುತ್ತಾಳೆ. ಇದು ಸರಿಯಲ್ಲ. ಕಣ್ಣಿಗೆ ಕಾಣುವ ಹಸಿರು ಬಣ್ಣವು ಬೂಷ್ಟಿನ ಬೀಜಕಣಗಳ ರಾಶಿ ಮಾತ್ರ. ಅದರ ಕೆಳಗೆ ನೂಲಿಗಿಂತ ಸಣ್ಣನೆಯ, ಬಣ್ಣವಿಲ್ಲದ ಎಳೆಗಳು ಬ್ರೆಡ್ಡಿನ ರಂಧ್ರಗಳಲ್ಲಿ ದೂರದವರೆಗೆ ಹರಡಿರುತ್ತವೆ. ಹೋಳುಗಳು ಒಂದಕ್ಕೊಂದು ತಾಗಿರುವುದರಿಂದ ಇಡೀ ಪೊಟ್ಟಣವನ್ನೇ ಎಸೆಯಬೇಕು. ಮೂಸಿ ನೋಡಲೂಬಾರದು, ಆ ಕಣಗಳು ಉಸಿರಿನೊಡನೆ ಒಳಸೇರಿ ಉಬ್ಬಸವಿರುವವರಿಗೆ ತೊಂದರೆ ಕೊಡುತ್ತವೆ.

ಬಿಸಿ ಮಾಡಿದರೆ ದೋಷ ಹೋಗುವುದೆಂದು ನಂಬಬೇಡಿ. ಶಾಖದಿಂದ ಬೂಷ್ಟು ಸಾಯಬಹುದು, ಆದರೆ ಕೆಲವು ಬೂಷ್ಟುಗಳು ಉಂಟುಮಾಡುವ ವಿಷವು ಉಳಿಯುತ್ತದೆ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮುಸುಕಿನ ಜೋಳಗಳನ್ನು ಉಂಡವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಬೇಯಿಸಿ ಉಂಡರೂ ಅವರು ಪಾರಾಗಲಿಲ್ಲ.

ಹಾಗಾದರೆ ಗುರುತಿಸುವ ಬಗೆ ಹೇಗೆ? ಮೆತ್ತನೆಯದು, ನೀರಿನಂಶ ಹೆಚ್ಚಿರುವುದು, ರಂಧ್ರಗಳಿರುವುದು ಇವುಗಳಲ್ಲಿ ಎಳೆಗಳಾಗಲಿ ವಿಷವಾಗಲಿ ಸುಲಭವಾಗಿ ಒಳಗಿಳಿಯುತ್ತವೆ. ಆದ್ದರಿಂದ ಬ್ರೆಡ್ಡು, ಅನ್ನ, ಪನೀರು, ಖೋವ, ಮೊಸರು, ಟೊಮ್ಯಾಟೊ, ಸಿಪ್ಪೆ ಬಿರಿದು ಬೂಷ್ಟು ಬಂದ ರಸಬಾಳೆ ಇವನ್ನು ಪೂರ್ತಿ ಎಸೆಯಬೇಕು. ಜಾಮಿನ ಮೇಲಿನ ಪದರವನ್ನು ಚಮಚದಿಂದ ತೆಗೆದರೆ ಸಾಲದು; ಸೀಸೆಯಲ್ಲಿರುವುದೆಲ್ಲವನ್ನೂ ಚೆಲ್ಲಬೇಕು.

ಗಟ್ಟಿಯಾದ ಕ್ಯಾರೆಟ್ಟು, ಎಲೆಕೋಸು, ಪಟ್ಟಣದಿಂದ ತಂದ ಗಟ್ಟಿ ಚೀಸಿನ ಗಡ್ಡೆ ಇವುಗಳಲ್ಲಿ ಎಳೆಗಳು ಆಳಕ್ಕೆ ಹೋಗಲಾರವು. ಇವನ್ನು ಉಳಿಸಬಹುದು. ಮಚ್ಚೆಯ ಸುತ್ತಲೂ, ಕೆಳಗೂ ಒಂದು ಅಂಗುಲದಷ್ಟು, ಎಂದರೆ ಸುಮಾರು 2.5 ಸೆಂಟಿಮೀಟರ್, ಕೊಯ್ದು ತೆಗೆಯಿರಿ. ಚಾಕು ಮಚ್ಚೆಗೆ ತಗಲಬಾರದು. ತಗಲಿದರೆ ಬೂಷ್ಟು ಒಳ್ಳೆಯ ಭಾಗಕ್ಕೂ ಅಂಟುತ್ತದೆ. ಗಟ್ಟಿ ಪದಾರ್ಥವೇ ಆದರೂ ಒತ್ತಿದಾಗ ಮೆತ್ತಗಿದ್ದರೆ, ತುರಿದಿಟ್ಟಿದ್ದರೆ ಅಥವಾ ತೆಳುವಾಗಿ ಹೆಚ್ಚಿಟ್ಟಿದ್ದರೆ ಅದನ್ನು ಉಳಿಸುವ ಯೋಚನೆ ಬೇಡ.

ಎಸೆಯುವುದನ್ನು ದನದ ಕಲಗಚ್ಚಿಗೆ ಹಾಕುವ ರೂಢಿಯುಂಟು. ಅದನ್ನೂ ಬಿಡಬೇಕು. ಕಡಲೆಕಾಯಿ ಹಿಂಡಿಯ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹಸುವಿನ ಹೊಟ್ಟೆ ಸೇರಿ ಅದರ ಹಾಲಿನಲ್ಲಿಯೂ ಬರುತ್ತದೆ. ಆ ಹಾಲನ್ನು ಕುಡಿಯುವವರು ನಿಮ್ಮ ಮಕ್ಕಳೇ. ಕೆಟ್ಟ ಪದಾರ್ಥವನ್ನು ಕಾಗದದಲ್ಲಿ ಸುತ್ತಿ, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಹೂಳಿರಿ. ಅದನ್ನು ಇಟ್ಟಿದ್ದ ಡಬ್ಬವನ್ನು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಮತ್ತೆ ಬಳಸಿರಿ.